ತುಪ್ಪದ ಕಲಬೆರಕೆ: ಅಡುಗೆಮನೆಯ ಪರೀಕ್ಷೆ ಎಷ್ಟು ಹೇಳುತ್ತದೆ?



ಕೊಕ್ಕಡ ಭಾಗದ ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದಾಗ, ಉಳಿತಾಯದ ಲೆಕ್ಕ ಮುಗಿಯುವ ಮೊದಲೇ ತುಪ್ಪದ ಮಾತು ಎದ್ದಿತು. ಎರಡು ದನ ಸಾಕಿಕೊಂಡು, ಬೆಣ್ಣೆ ಕಾಯಿಸಿ ಸಂಘದವರಿಗೇ ತುಪ್ಪ ಮಾರುವ ಒಬ್ಬ ಸದಸ್ಯೆಯ ಬಾಟಲಿ ಎದುರಿಗಿತ್ತು. ಮೇಲೆ ಎರಡು ಬೆರಳಿನಷ್ಟು ತೆಳು ಎಣ್ಣೆ, ಕೆಳಗೆ ಹರಳು ಹರಳು. "ತೆಂಗಿನೆಣ್ಣೆ ಬೆರೆಸಿದ್ದಾರೆ, ಎರಡು ಪದರ ಕಾಣುವುದಿಲ್ವಾ?" ಎಂದು ಒಬ್ಬರು ಹೇಳಿದರು. "ತೆಂಗಿನೆಣ್ಣೆಗೆ ಈಗ ಎಷ್ಟು ಕ್ರಯ ಉಂಟು ಗೊತ್ತಾ ಅಕ್ಕಾ, ಅದನ್ನು ನಾನು ಯಾಕೆ ಬೆರೆಸಲಿ?" ಎಂದು ಮಾರಿದವರು ಅಳುವ ಹಾಗೆ ಆದರು. ಅವರಿಂದ ಇನ್ನು ತುಪ್ಪ ತೆಗೆದುಕೊಳ್ಳುವುದು ಬೇಡ ಎಂಬ ತೀರ್ಮಾನ ಇನ್ನೇನು ಪುಸ್ತಕಕ್ಕೆ ಬರೆಯುವುದರಲ್ಲಿತ್ತು. ಒಂದು ವಾರ ತಡೆಯಿರಿ, ಪರೀಕ್ಷೆ ಮಾಡಿಯೇ ನೋಡುವ ಅಂತ ನಾವು ಹೇಳಿದೆವು.

ಮುಂದಿನ ವಾರಕ್ಕೆ ಇನ್ನೊಬ್ಬ ಸದಸ್ಯೆ ತನ್ನ ಮನೆಯ ಬೆಣ್ಣೆ ತಂದರು. ಅದನ್ನು ಎಲ್ಲರ ಕಣ್ಣೆದುರೇ ಕಾಯಿಸಿ ಸೋಸಿದೆವು. ಇದರಲ್ಲಿ ಕಲಬೆರಕೆ ಇಲ್ಲ ಎಂದು ನಮಗೆ ಖಾತ್ರಿ ಇತ್ತು. ಅದರಿಂದ ಒಂದು ಬಾಟಲಿ ತುಂಬಿಸಿ ಕಪಾಟಿನಲ್ಲಿ ಇಟ್ಟೆವು. ಇನ್ನೊಂದು ಬಾಟಲಿಗೆ ನಾಲ್ಕು ಚಮಚ ತುಪ್ಪ, ಒಂದು ಚಮಚ ತೆಂಗಿನೆಣ್ಣೆ ಹಾಕಿ ಬಿಸಿ ನೀರಿನಲ್ಲಿ ಕರಗಿಸಿ, ಕಲಸಿ, ಫ್ರಿಜ್ಜಿನಲ್ಲಿ ಇಟ್ಟೆವು. ಮರುದಿನ ನೋಡಿದರೆ ಶುದ್ಧ ತುಪ್ಪದಲ್ಲೇ ಎರಡು ಪದರ! ಬೇಕೆಂದೇ ಎಣ್ಣೆ ಬೆರೆಸಿದ್ದು ಮಾತ್ರ ಒಂದೇ ಗಟ್ಟಿಯಾಗಿ ಕೂತಿತ್ತು.

ಕಾರಣ ಹೀಗಿದೆ. ಹಾಲಿನ ಕೊಬ್ಬು ಒಂದೇ ಜಾತಿಯ ಕೊಬ್ಬಲ್ಲ. ಅದರಲ್ಲಿ ಬೇಗ ಹೆಪ್ಪುಗಟ್ಟುವ ಭಾಗವೂ ಉಂಟು, ನಮ್ಮೂರಿನ ಸೆಕೆಗೆ ದ್ರವವಾಗಿಯೇ ಉಳಿಯುವ ಭಾಗವೂ ಉಂಟು. ನಿಧಾನವಾಗಿ ತಣಿದಾಗ ಮೊದಲನೆಯದು ಹರಳಾಗಿ ಕೆಳಗೆ ಇಳಿಯುತ್ತದೆ, ಎರಡನೆಯದು ಮೇಲೆ ನಿಲ್ಲುತ್ತದೆ. ಇನ್ನು ಕರಗಿದ ಕೊಬ್ಬುಗಳು ಒಂದಕ್ಕೊಂದು ಪೂರ್ತಿ ಬೆರೆಯುತ್ತವೆ. ಎಣ್ಣೆ ಮತ್ತು ನೀರಿನ ಹಾಗೆ ಅವು ಬೇರೆಯಾಗುವುದಿಲ್ಲ. ಆದುದರಿಂದ ಪದರ ಕಂಡರೆ ಕಲಬೆರಕೆ ಎನ್ನುವುದೂ ತಪ್ಪು, ಪದರ ಇಲ್ಲದಿದ್ದರೆ ಶುದ್ಧ ಎನ್ನುವುದೂ ತಪ್ಪು.

ಅಂಗೈ ಪರೀಕ್ಷೆಯ ಕಥೆಯೂ ಇದೇ. ಅಂಗೈಯಲ್ಲಿ ಇಟ್ಟ ಕೂಡಲೇ ಕರಗಿದರೆ ಅಸಲಿ ತುಪ್ಪ ಅಂತ ಹಿರಿಯರು ಹೇಳುತ್ತಾರೆ. ಗಟ್ಟಿ ಡಾಲ್ಡಾ ಮಾತ್ರ ಇದ್ದ ಕಾಲಕ್ಕೆ ಅದು ಸ್ವಲ್ಪ ನಡೆಯುತ್ತಿತ್ತೋ ಏನೋ. ಆದರೆ ತೆಂಗಿನೆಣ್ಣೆ 25 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಅಂದರೆ ಅಂಗೈಯಲ್ಲಿ ಅದು ತುಪ್ಪಕ್ಕಿಂತ ಬೇಗ ಕರಗಿ ಈ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆಯುತ್ತದೆ! ಬಣ್ಣದ ಮೇಲೂ ತೀರ್ಪು ಕೊಡಬೇಡಿ. ಹಸುವಿನ ತುಪ್ಪ ಹಳದಿ, ಎಮ್ಮೆಯದ್ದು ಬಿಳಿ. ಹಸಿ ಹುಲ್ಲು ತಿಂದ ದನದ ತುಪ್ಪಕ್ಕೆ ಹಳದಿ ಜಾಸ್ತಿ.

ಅಯೋಡಿನ್ ಪರೀಕ್ಷೆ ಇವಕ್ಕಿಂತ ಒಳ್ಳೆಯದು. ಮೆಡಿಕಲ್‌ನಲ್ಲಿ ಸಿಗುವ ಟಿಂಚರ್ ಅಯೋಡಿನ್ ಸಾಕು. ಗಾಜಿನ ಬಟ್ಟಲಿಗೆ ಅರ್ಧ ಚಮಚ ತುಪ್ಪ ಹಾಕಿ, ಎರಡು ಮೂರು ತೊಟ್ಟು ಅಯೋಡಿನ್ ಬಿಟ್ಟು ಕಲಸಬೇಕು. ನೀಲಿಯಾದರೆ ಬಟಾಟೆ, ಗೆಣಸು ಅಥವಾ ಹಿಟ್ಟು ಸೇರಿದೆ ಎಂದರ್ಥ. ನೀಲಿ ಹೇಗಿರುತ್ತದೆ ಎಂದು ತಿಳಿಯಲು ಪಕ್ಕದಲ್ಲೇ ಇನ್ನೊಂದು ಬಟ್ಟಲಿನಲ್ಲಿ ಸ್ವಲ್ಪ ಬೇಯಿಸಿದ ಬಟಾಟೆ ಬೆರೆಸಿದ ತುಪ್ಪ ಇಟ್ಟುಕೊಳ್ಳಿ. ಚಮಚಕ್ಕೆ ಗಂಜಿ ಅಂಟಿದ್ದರೂ ನೀಲಿಯಾಗುತ್ತದೆ, ಆದ್ದರಿಂದ ಪಾತ್ರೆ ಚೆನ್ನಾಗಿ ತೊಳೆದಿರಬೇಕು. ಪರೀಕ್ಷೆ ಮಾಡಿದ ತುಪ್ಪವನ್ನು ತಿನ್ನದೆ ಚೆಲ್ಲಿಬಿಡಿ. ನೀಲಿ ಬಂದರೆ ಈ ಪರೀಕ್ಷೆಯನ್ನು ನಂಬಬಹುದು. ನೀಲಿ ಬಾರದಿದ್ದರೆ ಪಿಷ್ಟ ಕಾಣಲಿಲ್ಲ ಅಂತ ಮಾತ್ರ ಹೇಳಬಹುದು. ಎಣ್ಣೆ ಬೆರೆಸಿದ್ದರೆ ಅದು ಅಯೋಡಿನ್‌ಗೆ ಗೊತ್ತೇ ಆಗುವುದಿಲ್ಲ.

ಸಕ್ಕರೆ ಮತ್ತು ಆಸಿಡ್ ಹಾಕಿ ನೋಡುವ ಪರೀಕ್ಷೆಯ ಬಗ್ಗೆ ಕೆಲವರು ಕೇಳಿದ್ದೀರಿ. ಕೆಂಪು ಬಣ್ಣ ಬಂದರೆ ಡಾಲ್ಡಾ ಅಂತ ಹಲವು ಪುಸ್ತಕಗಳಲ್ಲಿ ಬರೆದಿರುತ್ತದೆ. ನಿಜವಾಗಿ ಆ ಕೆಂಪು ಡಾಲ್ಡಾದಿಂದ ಬರುವುದಲ್ಲ, ಎಳ್ಳೆಣ್ಣೆಯಿಂದ ಬರುವುದು. ತುಪ್ಪಕ್ಕೆ ವನಸ್ಪತಿ ಬೆರೆಸಿದರೆ ಸಿಕ್ಕಿಬೀಳಲಿ ಎಂದು, ವನಸ್ಪತಿಗೆ ನೂರಕ್ಕೆ 5 ಭಾಗ ಎಳ್ಳೆಣ್ಣೆಯನ್ನು ಗುರುತಿಗಾಗಿ ಸೇರಿಸಲೇಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಬಹಳ ಕಾಲ ಇತ್ತು. ಒಳ್ಳೆಯ ಉಪಾಯವೇ. ಆದರೆ ತಾಳೆ ಎಣ್ಣೆ ಬೆರೆಸಿದವನು ಎಳ್ಳೆಣ್ಣೆಯನ್ನೂ ಹಾಕಿರುವುದಿಲ್ಲವಲ್ಲ! ಅಲ್ಲಿ ಕೆಂಪು ಬರುವುದಿಲ್ಲ. ಇದಕ್ಕೆ ಬೇಕಾಗುವುದು ಗಾಢ ಹೈಡ್ರೋಕ್ಲೋರಿಕ್ ಆಸಿಡ್. ಅದರ ಹೊಗೆ ಕಣ್ಣು, ಗಂಟಲು ಸುಡುತ್ತದೆ. ಪಾಯಿಖಾನೆ ತೊಳೆಯುವ ದ್ರವದಲ್ಲಿ ಅದರದ್ದೇ ಬಣ್ಣ ಇರುವುದರಿಂದ ಅದೂ ಆಗದು. ಮಕ್ಕಳು ಓಡಾಡುವ ಅಡುಗೆಮನೆಯಲ್ಲಿ ಇದನ್ನು ಮಾಡಲೇಬೇಡಿ.

ಈಗ ನಿಜವಾದ ಕಲಬೆರಕೆ ಹೇಗಿರುತ್ತದೆ ನೋಡಿ. 2021ರ ಡಿಸೆಂಬರಿನಲ್ಲಿ ಮೈಸೂರಿನ ಬಳಿ ಹೊಸಹುಂಡಿಯಲ್ಲಿ ನಂದಿನಿ ಹೆಸರಿನ ನಕಲಿ ತುಪ್ಪದ ಘಟಕ ಸಿಕ್ಕಿತು. 2025ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಮತ್ತೆ ಅದೇ ಹೆಸರಿನ ನಕಲಿ ತುಪ್ಪದ ಜಾಲವನ್ನು ಹಿಡಿದರು. ಆ ತುಪ್ಪ ತಮಿಳುನಾಡಿನಲ್ಲಿ ತಯಾರಾಗಿ ಇಲ್ಲಿಗೆ ಬರುತ್ತಿತ್ತು, ಅದರಲ್ಲಿ ತಾಳೆ ಎಣ್ಣೆ ಮತ್ತು ತೆಂಗಿನೆಣ್ಣೆ ಇತ್ತು ಎಂದು ವರದಿಯಾಯಿತು. ಅಂಥ ತುಪ್ಪಕ್ಕೆ ಅಯೋಡಿನ್ ಹಾಕಿದರೆ ನೀಲಿ ಬಾರದು, ಆಸಿಡ್ ಹಾಕಿದರೆ ಕೆಂಪು ಬಾರದು, ಅಂಗೈಯಲ್ಲೂ ಚೆನ್ನಾಗಿ ಕರಗುತ್ತದೆ. ನಮ್ಮ ಎಲ್ಲಾ ಪರೀಕ್ಷೆಯಲ್ಲೂ ಪಾಸು! ಈ ಎರಡು ಎಣ್ಣೆ ಜೊತೆಯಾಗಿ ಬರುವುದರಲ್ಲಿ ಒಂದು ಜಾಣತನವೂ ಉಂಟು. ಕೊಬ್ಬಿನಲ್ಲಿ ಬೆಳಕು ಬಾಗುವುದನ್ನು ಅಳೆಯುವ ಒಂದು ಉಪಕರಣ ಇದೆ. ಅದರಲ್ಲಿ ತೆಂಗಿನೆಣ್ಣೆ ತುಪ್ಪಕ್ಕಿಂತ ಕಡಿಮೆ ತೋರಿಸುತ್ತದೆ, ತಾಳೆ ಎಣ್ಣೆ ಜಾಸ್ತಿ ತೋರಿಸುತ್ತದೆ. ಎರಡನ್ನೂ ಬೆರೆಸಿದರೆ ತುಪ್ಪದ ಅಳತೆಗೇ ಬಂದು ನಿಲ್ಲಿಸಬಹುದು. ಆದ್ದರಿಂದ ಪ್ರಯೋಗಾಲಯದವರೂ ಒಂದೇ ಪರೀಕ್ಷೆಗೆ ನಿಲ್ಲುವುದಿಲ್ಲ. ಹಾಲಿನ ಕೊಬ್ಬಿನಲ್ಲಿ ಬ್ಯುಟಿರಿಕ್ ಆಮ್ಲ ಇರುತ್ತದೆ, ಈ ಎರಡು ಎಣ್ಣೆಗಳಲ್ಲಿ ಅದು ಇಲ್ಲ. ಅದು ಎಷ್ಟಿದೆ ಎಂದು ಅಲ್ಲಿ ಅಳೆಯುತ್ತಾರೆ.

ಹಾಗಾದರೆ ಮನೆಯಲ್ಲಿ ಏನು ನೋಡುವುದು? ಕ್ರಯದ ಲೆಕ್ಕ ಮಾಡಿ. ನೂರಕ್ಕೆ ಮೂರೂವರೆ ಕೊಬ್ಬಿರುವ ಹಸುವಿನ ಹಾಲಾದರೆ ಒಂದು ಕಿಲೋ ತುಪ್ಪಕ್ಕೆ ಸುಮಾರು 30 ಲೀಟರ್ ಬೇಕು. ಉಳಿದ ಹಾಲಿನಿಂದ ಡೈರಿಯವರು ಪುಡಿ ಮಾಡಿ ಮಾರುವುದರಿಂದ ಅವರ ತುಪ್ಪ 30 ಲೀಟರ್ ಹಾಲಿನ ಕ್ರಯಕ್ಕಿಂತ ಕಡಿಮೆಗೆ ಬರುತ್ತದೆ, ಅದರಲ್ಲಿ ಮೋಸ ಇಲ್ಲ. ಆದರೆ ಡೈರಿಯ ಕ್ರಯಕ್ಕಿಂತಲೂ ಅರ್ಧಕ್ಕೆ ಯಾರಾದರೂ ಮನೆ ಬಾಗಿಲಿಗೆ ತಂದರೆ ಕೇಳಬೇಕಾದ ಪ್ರಶ್ನೆ ಇದೆ. ಇದೂ ಸಂಶಯವೇ ಹೊರತು ಸಾಕ್ಷಿ ಅಲ್ಲ. ಪೂರ್ತಿ ಕ್ರಯಕ್ಕೆ ಮಾರಿದ ಮಾತ್ರಕ್ಕೆ ಶುದ್ಧ ಎಂದೂ ಅಲ್ಲ.

ಸಂಶಯ ಬಲವಾದರೆ 2006ರ ಆಹಾರ ಸುರಕ್ಷತಾ ಕಾಯಿದೆಯ 40ನೇ ಸೆಕ್ಷನ್ ನಮಗೆ ದಾರಿ ಕೊಡುತ್ತದೆ. ಕೊಂಡವರು ಯಾರೇ ಆಗಲಿ, ಶುಲ್ಕ ಕಟ್ಟಿ ಸರಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಒಂದು ಷರತ್ತು ಉಂಟು: ಪರೀಕ್ಷೆಗೆ ಕಳಿಸುತ್ತೇವೆ ಎಂದು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಬೇಕು. ಮನೆಗೆ ತಂದು ಅರ್ಧ ಖಾಲಿ ಮಾಡಿದ ಬಾಟಲಿ ಆಗುವುದಿಲ್ಲ. ಆದ್ದರಿಂದ ಸಂಘದಿಂದ ಇಬ್ಬರು ಮೂವರು ಒಟ್ಟಿಗೆ ಹೋಗಿ, ಮಾತು ಹೇಳಿ, ಬಿಲ್ಲು ಕೇಳಿ, ಸೀಲು ಒಡೆಯದ ಪ್ಯಾಕೆಟ್ ತನ್ನಿ. ಕಲಬೆರಕೆ ಎಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸು ಸಿಗುತ್ತದೆ. ಶುಲ್ಕ ಕಟ್ಟುವುದು ಬೇಡ ಎಂದಾದರೆ ಪ್ಯಾಕೆಟಿನ ಬ್ಯಾಚ್ ನಂಬರ್ ಬರೆದು ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ಆ ಸಂಘದ ಬಾಟಲಿಯನ್ನು ನಾವು ಪ್ರಯೋಗಾಲಯಕ್ಕೆ ಕಳಿಸಲಿಲ್ಲ. ಹಾಗಾಗಿ ಆ ತುಪ್ಪ ನೂರಕ್ಕೆ ನೂರು ಶುದ್ಧ ಎಂದು ನಾವು ಬರೆದುಕೊಡಲಾರೆವು. ಪದರ ನೋಡಿ ಹೊರಿಸಿದ ಆರೋಪಕ್ಕೆ ಆಧಾರ ಇರಲಿಲ್ಲ ಎಂದಷ್ಟೇ ಪುಸ್ತಕದಲ್ಲಿ ಬರೆಸಿದೆವು. ಮೊದಲು ದೂರಿದ ಅಕ್ಕನೇ ಆ ದಿನ ಅರ್ಧ ಕಿಲೋ ತೆಗೆದುಕೊಂಡು ಹೋದರು.