ಗೋದಾಮಿನ ಬಾಗಿಲು ಯಾವ ಕಡೆ?

ಗೋದಾಮು ಕಟ್ಟಿಸುವವರು ಸಾಮಾನ್ಯವಾಗಿ ಒಂದು ತುದಿಯಲ್ಲಿ ಮಾಲು ಇಳಿಸಿ ಇನ್ನೊಂದು ತುದಿಯಲ್ಲಿ ಲೋಡ್ ಮಾಡುವ ನೇರ ಹರಿವನ್ನೇ ಕೇಳುತ್ತಾರೆ. ನಕ್ಷೆ ಒಪ್ಪುವ ಮುನ್ನ ಸ್ವಲ್ಪ ಲೆಕ್ಕ ಹಾಕಿ.

60 ಮೀಟರ್ ಉದ್ದದ ಗೋದಾಮು, ದಿನಕ್ಕೆ 100 ಪ್ಯಾಲೆಟ್ ಎನ್ನೋಣ. ನೇರ ಹರಿವಿನಲ್ಲಿ ಪ್ರತಿ ಪ್ಯಾಲೆಟ್ಟೂ ಪೂರ್ತಿ ಉದ್ದ ದಾಟಲೇಬೇಕು, ಒಟ್ಟು 6,000 ಮೀಟರ್. ಯು ಆಕಾರದಲ್ಲಿ ಎರಡೂ ಡಾಕ್ ಒಂದೇ ಗೋಡೆಯಲ್ಲಿರುತ್ತವೆ. ಬೇಗ ಖರ್ಚಾಗುವ 80 ಪ್ಯಾಲೆಟ್‌ಗಳನ್ನು ಡಾಕ್‌ನಿಂದ 15 ಮೀಟರಿನೊಳಗೆ ಇಟ್ಟರೆ ಹೋಗಿಬರಲು ತಲಾ 30 ಮೀಟರ್ ಸಾಕು. ಉಳಿದ 20 ಹಿಂದೆ 50 ಮೀಟರಿನಲ್ಲಿದ್ದರೂ ಒಟ್ಟು 4,400 ಮೀಟರ್. ಆದರೆ ಎಲ್ಲ ಮಾಲೂ ಒಂದೇ ವೇಗದಲ್ಲಿ ಹೋಗುವುದಾದರೆ ಈ ಲಾಭ ಇಲ್ಲ.

ಜಾಗದ ಮಾತೂ ಇದೆ. 40 ಅಡಿ ಕಂಟೇನರ್ ಹೊತ್ತ ಟ್ರೇಲರ್ ಸುಮಾರು 16 ಮೀಟರ್ ಉದ್ದ; ಅದು ತಿರುಗಿ ರಿವರ್ಸ್ ಬರಲು ಡಾಕ್ ಮುಂದೆ ಅದರ ದುಪ್ಪಟ್ಟಿಗಿಂತ ಹೆಚ್ಚು ಅಂಗಳ ಬೇಕು. ನೇರ ಹರಿವಿಗೆ ಅಂಥ ಅಂಗಳ ಎರಡು.

ಹಾಗಂತ ಯು ಆಕಾರ ಎಲ್ಲರಿಗೂ ಅಲ್ಲ. ಬಂದ ಮಾಲು ರ‍್ಯಾಕ್ ಏರದೆ ಅಂದೇ ಬೇರೆ ಲಾರಿಗೆ ಹೋಗುವ ಪಾರ್ಸೆಲ್ ವ್ಯವಹಾರಕ್ಕೆ ನೇರ ಹರಿವೇ ಸರಿ. ಯು ಆರಿಸಿದರೆ ಇಳಿಸುವ, ತುಂಬುವ ಡಾಕ್‌ಗಳ ನಡುವೆ ನೆಲಕ್ಕೆ ಬಣ್ಣದ ಗೆರೆ ಎಳೆದು, ಆದಷ್ಟು ಬೆಳಿಗ್ಗೆ ಇಳಿಸಿ, ಮಧ್ಯಾಹ್ನದ ಮೇಲೆ ತುಂಬಿಸಿ. ಎಣಿಕೆಯಾಗದ ಪ್ಯಾಲೆಟ್ ಹೊರಡುವ ಲಾರಿಯ ಬಾಗಿಲಲ್ಲಿ ಕಂಡರೆ, ಆ ಮುಂಭಾಗ ನಿಮಗೆ ಕಿರಿದಾಗಿದೆ ಎಂದೇ ಅರ್ಥ.