ಅಂಕಿಯ ಅರ್ಥ: ಅಥ್ಲೆಟಿಕ್ಸ್ ವರದಿಯ ರಚನೆ
ಅಥ್ಲೆಟಿಕ್ಸ್ ವರದಿಯಲ್ಲಿ ದಾಖಲೆ, ಅರ್ಹತಾ ಮಟ್ಟ ಮತ್ತು ಅಂದಿನ ಸಾಧನೆ ಬೇರೆ ಬೇರೆ ಅರ್ಥವನ್ನು ಹೊತ್ತ ಅಂಕಿಗಳು. ಮೈಸೂರಿನಲ್ಲಿ ಜನಿಸಿದ ಡಿಸ್ಕಸ್ ಎಸೆತಗಾರ ವಿಕಾಸ್ ಗೌಡರು 2012ರ ಏಪ್ರಿಲ್‌ನಲ್ಲಿ 66.28 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಸ್ಥಾಪಿಸಿದರು. ಅದೇ ಆಗಸ್ಟ್‌ನ ಲಂಡನ್ ಒಲಿಂಪಿಕ್ಸ್‌ನಲ್ಲಿ ಫೈನಲ್‌ಗೆ ನೇರ ಅರ್ಹತೆಯ ಮಟ್ಟ 65.00 ಮೀಟರ್, ಅವರು ಎಸೆದುದು 65.20. ‘ದಾಖಲೆಗಿಂತ 1.08 ಮೀಟರ್ ಕಡಿಮೆ’ ಎಂದಷ್ಟೇ ಬರೆದರೆ ಗೆಲುವು ಸೋಲಿನಂತೆ ತೋರುತ್ತದೆ. ಅಂದು ಮುಖ್ಯವಾದುದು ಮಟ್ಟವನ್ನು ದಾಟಿದ 20 ಸೆಂಟಿಮೀಟರ್.

ಆದರೆ ಅರ್ಹತಾ ಸುತ್ತಿನ ಎಸೆತ ಫೈನಲ್‌ನಲ್ಲಿ ಲೆಕ್ಕಕ್ಕೆ ಬಾರದು. ಮರುದಿನ 64.79 ಮೀಟರ್ ಎಸೆದ ಗೌಡರು ಎಂಟನೆಯವರಾದರು. ಹಿಂದಿನ ದಿನ ದಾಟಿದ ಗೆರೆಯನ್ನು ಅದೇ ತೋಳು ಅಂದು ಮುಟ್ಟಲಿಲ್ಲ. ವರದಿಯ ಮಾನವೀಯ ಕ್ಷಣ ಇದೇ. ಆಟಗಾರನ ನಿರಾಶೆಯನ್ನು ಊಹಿಸಿ ಬರೆಯಬೇಕಿಲ್ಲ. ಎರಡು ದಿನಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು.