ಖಾಲಿ ಫ್ಲ್ಯಾಟಿಗೆ ಬಂದ ದೊಡ್ಡ ಬಿಲ್ಲು

ನೋಡಮ್ಮ, ವಿದ್ಯುತ್ ಕಂಪನಿಗೆ ನೀನು ಬರೆದಿಟ್ಟಿರುವ ಪತ್ರ ಓದಿದೆ. ಮನೆಯಲ್ಲಿ ಯಾರೂ ಇರಲಿಲ್ಲ ಅನ್ನೋದನ್ನೇ ಉದ್ದಕ್ಕೂ ಹೇಳಿದ್ದೀಯ. ನಿಜ, ಆದರೆ ಅದೊಂದರಿಂದ ಬಿಲ್ಲು ಇಳಿಯುವುದಿಲ್ಲ. ಬೀಗ ಹಾಕಿದ ಮನೆಯಲ್ಲೂ ಫ್ರಿಜ್ ಓಡುತ್ತಿರಬಹುದು, ಗೀಸರ್ ಆರಿಸದೆ ಹೋಗಿರಬಹುದು ಅಂತ ಅವರು ಕೇಳೇ ಕೇಳುತ್ತಾರೆ. ಅವರು ಒಪ್ಪುವುದು ಮೀಟರಿನ ಸಾಕ್ಷಿಯನ್ನು.

ಆ ಸಾಕ್ಷಿ ನಿನ್ನ ಕೈಯಲ್ಲೇ ಇದೆ. ಬಿಲ್ಲಿನಲ್ಲಿ ಹಿಂದಿನ ರೀಡಿಂಗ್ 8214, ಈಗಿನದು 8626, ಬಳಕೆ 412 ಯೂನಿಟ್. ನೀನು ನಿನ್ನೆ ತೆಗೆದ ಫೋಟೊದಲ್ಲಿ ಮೀಟರ್ ತೋರಿಸುತ್ತಿರುವುದು 8231. ಬಿಲ್ಲು ಬರೆದ ದಿನವೇ 8626 ಆಗಿದ್ದ ಮೀಟರು ಈಗ 8231ಕ್ಕೆ ಇಳಿಯುವುದು ಹೇಗೆ? ಬಹುಶಃ 8226 ಅನ್ನು 8626 ಎಂದು ಓದಿದ್ದಾರೆ. ಹಾಗಿದ್ದರೆ ನಿಜವಾದ ಬಳಕೆ 12 ಯೂನಿಟ್. ಆದರೆ ಫೋಟೊದಲ್ಲಿರುವ ಮೀಟರಿನ ಕ್ರಮಸಂಖ್ಯೆ ಬಿಲ್ಲಿನಲ್ಲಿರುವುದೇನಾ, ಮೊದಲು ನೋಡು. ಅಪಾರ್ಟ್‌ಮೆಂಟಿನ ಮೀಟರ್ ಬೋರ್ಡಿನಲ್ಲಿ ಪಕ್ಕದವರ ಮೀಟರಿನ ಜೊತೆ ಅದಲು ಬದಲಾಗುವುದುಂಟು.

ರೀಡಿಂಗ್ ತಾಳೆಯಾಗಿದ್ದಿದ್ದರೆ ಬೇರೆ ದಾರಿ ಹಿಡಿಯಬೇಕಿತ್ತು. ಮನೆಯೊಳಗಿನ ಮೇನ್ ಸ್ವಿಚ್ ಆರಿಸಿ, ಕೆಳಗೆ ಮೀಟರಿನ ಕೆಂಪು ದೀಪ ನೋಡಬೇಕು. ಆಗಲೂ ಮಿನುಗುತ್ತಿದ್ದರೆ ಮೀಟರು ಕೆಟ್ಟಿದೆ, ಇಲ್ಲವೇ ಮೀಟರಿನಿಂದ ಮನೆವರೆಗಿನ ತಂತಿಯಲ್ಲಿ ಎಲ್ಲೋ ಕರೆಂಟು ಹೋಗುತ್ತಿದೆ. ಸ್ವಿಚ್ ಹಾಕಿದಾಗ ಮಾತ್ರ ಮಿನುಗಿದರೆ ಬಳಕೆ ಅಥವಾ ಸೋರಿಕೆ ಮನೆಯೊಳಗೇ ಇದೆ.

ಪತ್ರವನ್ನು ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರರ ಹೆಸರಿಗೆ ಬರಿ. ಆರ್.ಆರ್. ನಂಬರ್, ಬಿಲ್ಲಿನ ದಿನಾಂಕ ಮೇಲೆಯೇ ಇರಲಿ. ಆಮೇಲೆ ಇಷ್ಟೇ ಸಾಕು: 'ಬಿಲ್ಲಿನಲ್ಲಿ ನಮೂದಾದ ರೀಡಿಂಗ್ 8626. ಅದರ ನಂತರದ ದಿನಾಂಕದಂದು ಮೀಟರಿನಲ್ಲಿದ್ದ ರೀಡಿಂಗ್ 8231, ಫೋಟೊ ಲಗತ್ತಿಸಿದೆ. ಸ್ಥಳ ಪರಿಶೀಲನೆ ಮಾಡಿ ಬಿಲ್ಲನ್ನು ಪರಿಷ್ಕರಿಸಿ, ಅಗತ್ಯವಿದ್ದರೆ ಮೀಟರ್ ಪರೀಕ್ಷಿಸಿ.' ಮನೆ ಖಾಲಿಯಿದ್ದದ್ದನ್ನು ಕೊನೆಗೆ ಒಂದು ಸಾಲಿನಲ್ಲಿ ಹೇಳು. ಪೂರ್ತಿ ಬಿಲ್ಲು ಮನ್ನಾ ಮಾಡಿ ಎಂದು ಮಾತ್ರ ಬರೆಯಬೇಡ. ಮಂಜೂರಾದ ಲೋಡಿಗೆ ಹಾಕುವ ನಿಗದಿತ ಶುಲ್ಕ ಖಾಲಿ ಮನೆಗೂ ಇದ್ದೇ ಇರುತ್ತದೆ.

ತೀರ್ಮಾನ ಆಗುವವರೆಗೆ ಏನೂ ಕಟ್ಟದೆ ಕೂರಬೇಡ, ಲೈನ್ ಕತ್ತರಿಸಿಯಾರು. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ನಿನಗೊಂದು ದಾರಿ ಕೊಟ್ಟಿದೆ. ಕೇಳಿದ ಮೊತ್ತ, ಅಥವಾ ಹಿಂದಿನ ಆರು ತಿಂಗಳು ಕಟ್ಟಿದ್ದರ ಸರಾಸರಿ, ಇವೆರಡರಲ್ಲಿ ಕಡಿಮೆಯದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ವಿವಾದ ಮುಗಿಯುವ ತನಕ ಕತ್ತರಿಸುವಂತಿಲ್ಲ. 'ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ' ಎಂದು ಪತ್ರದಲ್ಲೇ ಬರಿ.

ಉಪವಿಭಾಗದಲ್ಲಿ ಸರಿಹೋಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿಗೆ ಹೋದಾಗ ಮೊದಲು ಕೇಳುವುದು ದೂರು ಕೊಟ್ಟದ್ದಕ್ಕೆ ದಾಖಲೆ. ಅದಕ್ಕೇ ಪತ್ರದ ಎರಡು ಪ್ರತಿ ಒಯ್ದು, ನಿನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ತಾರೀಖು ಹಾಕಿಸಿಕೊಂಡೇ ಬಾ.